ಬ್ಲೇಡಿನಡಿಯ ಹಳೆಯ ಹಿಟ್ಟು

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದಲ್ಲ ಒಂದು ಮನೆಯಿಂದ ಮಿಕ್ಸಿಯ ಸದ್ದು ಕೇಳುತ್ತದೆ. ಬೆಳಗ್ಗೆ ನೆನೆಹಾಕಿದ ಅಕ್ಕಿ, ಉದ್ದಿನಬೇಳೆ, ಮೆಂತ್ಯ ಭಾನುವಾರದ ದೋಸೆಗೆ ಹಿಟ್ಟಾಗುವ ಸಮಯ ಅದು. ಹಿಟ್ಟು ಪಾತ್ರೆಗೆ ಬಿದ್ದ ಮೇಲೆ ಜಾರಿಗೆ ಎರಡು ಲೋಟ ನೀರು ಸುರಿದು, ಒಂದು ಹನಿ ಸೋಪು ಬಿಟ್ಟು, ಮತ್ತೊಮ್ಮೆ ಗಿರ್ರೆನಿಸಿ, ನೀರು ಚೆಲ್ಲಿ ಬೋರಲು ಹಾಕಿದರೆ ಜಾರ್ ತೊಳೆದಂತೆ. ಸ್ಟೀಲು ಫಳಫಳ ಹೊಳೆಯುತ್ತದೆ. ಮರುದಿನ ಬೆಳಗ್ಗೆ ಅದೇ ಜಾರಿನಲ್ಲಿ ಕಾಯಿ ಚಟ್ನಿ ರುಬ್ಬುತ್ತಾರೆ.

ತೊಂದರೆ ಶುರುವಾಗುವುದು ಈ ಚಟ್ನಿಯಿಂದ. ಜಾರಿನ ಸಂದಿಯಲ್ಲಿ ಉಳಿದ ಹಳೆಯ ಹಿಟ್ಟು ಹೊಸ ದೋಸೆ ಹಿಟ್ಟಿಗೆ ಬೆರೆತರೆ ಅಷ್ಟು ಹಾನಿಯಿಲ್ಲ. ಹಿಟ್ಟು ಹೇಗೂ ಹುದುಗುವಂಥದ್ದು. ಹುದುಗಿದಂತೆ ಹುಳಿ ಏರಿ, ಕೆಡಿಸುವ ಎಷ್ಟೋ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯಲಾರವು. ಕೊನೆಗೆ ಅದು ಕಾದ ಕಾವಲಿಯ ಮೇಲೆ ಬೇಯುತ್ತದೆ. ಕಾಯಿ ಚಟ್ನಿಗೆ ಈ ಎರಡು ರಕ್ಷಣೆಯೂ ಇಲ್ಲ. ಅದರಲ್ಲಿ ಹುಳಿ ಕಡಿಮೆ, ನೀರು ಮತ್ತು ಕೊಬ್ಬಿನಂಶ ಹೆಚ್ಚು, ಬೇಯಿಸುವ ಮಾತೇ ಇಲ್ಲ. ಮೇಲೆ ಹಾಕುವ ಒಗ್ಗರಣೆಯ ಬಿಸಿ ಮೇಲ್ಪದರ ದಾಟುವುದಿಲ್ಲ. ಅನುಕೂಲ ಸಿಕ್ಕ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋದರೆ ಐದು ಗಂಟೆಯಲ್ಲಿ ಸಾವಿರ ಪಟ್ಟಾಗುತ್ತದೆ. ಬೆಳಗ್ಗೆ ಏಳೂವರೆಗೆ ಡಬ್ಬಿಗೆ ತುಂಬಿದ ಚಟ್ನಿಯನ್ನು ಮಧ್ಯಾಹ್ನ ಒಂದಕ್ಕೆ ತೆರೆಯುವವರಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ. ಮಗುವಿಗೆಂದು ಅರೆದ ಬಾಳೆಹಣ್ಣು, ಬೇಸಿಗೆಯ ಮಜ್ಜಿಗೆ, ಹಣ್ಣಿನ ರಸ, ಹೀಗೆ ಜಾರಿನಿಂದ ನೇರ ಬಾಯಿಗೆ ಹೋಗುವ ಎಲ್ಲದಕ್ಕೂ ಇದೇ ಮಾತು.

ಬಡಾವಣೆಯ ಬಿ ಬ್ಲಾಕ್‌ನ ಒಂದು ಮನೆಯಲ್ಲಿ ಆದದ್ದು ಇದೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹರಿಹರದಿಂದ ಬಂದ ಅತ್ತೆ ಜೊತೆಗಿದ್ದಾರೆ. ಮಳೆಗಾಲ ಹಿಡಿದ ಮೇಲೆ ಡಬ್ಬಿಯ ಚಟ್ನಿ ಮಧ್ಯಾಹ್ನದೊಳಗೆ ವಾಸನೆ ಬರತೊಡಗಿತು. ಮೊದಲು ಅನುಮಾನ ಹೋದದ್ದು ಕಾಯಿಯ ಮೇಲೆ. ಅಂಗಡಿ ಬದಲಾಯಿಸಿದರು, ಕಾಯಿ ಒಡೆದ ಕೂಡಲೇ ತುರಿದರು, ಕುದಿಸಿ ಆರಿಸಿದ ನೀರು ಹಾಕಿ ರುಬ್ಬಿದರು. ಫಲ ಕಾಣಲಿಲ್ಲ. ಕಡೆಗೆ ಅತ್ತೆ ಒಂದು ಉಪಾಯ ಹೇಳಿದರು: “ಅರ್ಧ ಕಾಯಿ ಜಾರಿನಾಗ ಹಾಕು, ಇನ್ನರ್ಧ ಒಳ್ಳಾಗ ರುಬ್ಬು. ಎರಡೂ ಬ್ಯಾರೆ ಬ್ಯಾರೆ ಡಬ್ಬಿಗೆ ತುಂಬಿ ಇಡು. ಮಧ್ಯಾಹ್ನಕ್ಕ ಗೊತ್ತಾಗ್ತೈತಿ.”

ಪ್ರಯೋಗಾಲಯದವರೂ ಒಪ್ಪುವಂಥ ಪರೀಕ್ಷೆ ಅದು. ಒಂದೇ ಕಾಯಿ, ಒಂದೇ ಹುರಿಗಡಲೆ, ಒಂದೇ ಅಳತೆಯ ಉಪ್ಪು, ಒಂದೇ ನೀರು, ಒಂದೇ ಬಗೆಯ ಡಬ್ಬಿ. ಬೇರೆಯಾದದ್ದು ರುಬ್ಬಿದ ಸಾಧನವೊಂದೇ. ಒಳಕಲ್ಲನ್ನು ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿಯೇ ಬಳಸಿದರು. ಮಧ್ಯಾಹ್ನ ಜಾರಿನ ಚಟ್ನಿಯಲ್ಲಿ ಸಣ್ಣ ಗುಳ್ಳೆಯೆದ್ದು ಹುಳಿ ವಾಸನೆ ಬಂದಿತ್ತು. ಒಳಕಲ್ಲಿನದು ಸಂಜೆ ಮನೆಗೆ ಬರುವವರೆಗೂ ಚೆನ್ನಾಗಿಯೇ ಇತ್ತು. ಇನ್ನು ನೋಡಬೇಕಾದದ್ದು ಜಾರನ್ನು.

ಹೊಳೆಯುವ ಜಾರಿನಲ್ಲಿ ಕೊಳೆ ಕೂರುವ ಜಾಗ ಮೂರು. ಮುಚ್ಚಳದ ಒಳಸುತ್ತಿನ ರಬ್ಬರ್ ಉಂಗುರ ಮತ್ತು ಅದು ಕೂರುವ ತೋಡು ಒಂದು. ಬ್ಲೇಡಿನ ಅಡಿಯಲ್ಲಿ, ದಂಡವು ಜಾರಿನ ತಳವನ್ನು ತೂರಿ ಇಳಿಯುವ ಕಡೆಯ ವಾಷರ್ ಮತ್ತು ಬುಷ್ ಇನ್ನೊಂದು. ಜಾರನ್ನು ಬೋರಲು ಹಾಕಿದಾಗ ಕಾಣುವ ಬಟ್ಟಲಿನಂಥ ತಳ, ಅದರ ನಡುವೆ ಹಲ್ಲು ಹಲ್ಲಾಗಿ ನಿಂತ ಕಪ್ಲರ್ ಮೂರನೆಯದು. ಸೋಪಿನ ನೀರು ಹಾಕಿ ತಿರುಗಿಸುವ ರೂಢಿ ಈ ಮೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ನೀರು ಸುಳಿಯಾಗಿ ಎದ್ದು ಗೋಡೆಯನ್ನು ಉಜ್ಜುತ್ತದೆ, ಬ್ಲೇಡಿನ ಮೇಲ್ಭಾಗವನ್ನೂ ಉಜ್ಜುತ್ತದೆ. ಬ್ಲೇಡಿನ ಗುಬ್ಬಿಯಡಿಯ ಸಂದಿಯಲ್ಲಿ ಮಾತ್ರ ನೀರು ಹೆಚ್ಚು ಕಡಿಮೆ ನಿಂತೇ ಇರುತ್ತದೆ. ಮುಚ್ಚಳದ ಉಂಗುರದ ಹಿಂಬದಿಗೆ ನೊರೆ ಸಿಡಿಯುತ್ತದೆ, ಆದರೆ ಒಳಗೆ ಸಿಕ್ಕ ಹಿಟ್ಟು ಹೊರಬರುವುದಿಲ್ಲ.

ಆ ಮನೆಯವರು ಚಮಚದ ಹಿಡಿಯಿಂದ ಮುಚ್ಚಳದ ಉಂಗುರ ಎತ್ತಿದಾಗ ಹಿಂಬದಿಯಲ್ಲಿ ಬೂದು ಬಣ್ಣದ ಲೋಳೆ, ಅದರ ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಂಡವು. ಮೊಬೈಲಿನ ಟಾರ್ಚ್ ಹಿಡಿದು ಬ್ಲೇಡಿನಡಿಗೆ ಹಲ್ಲುಕಡ್ಡಿ ಆಡಿಸಿದರೆ ಕಡ್ಡಿಯ ತುದಿಗೆ ಹಳದಿ ಬಣ್ಣದ ಮೆತ್ತನೆಯ ಹಿಟ್ಟು ಅಂಟಿ ಬಂತು. ಬೋರಲು ಹಾಕಿದ ತಳದ ಮೂಲೆಯಲ್ಲಿ ಒಣಗಿ ಹಕ್ಕಳೆಯಾದ ಹಿಟ್ಟಿತ್ತು.

ಹಿಟ್ಟು ಇಷ್ಟು ಗಟ್ಟಿಯಾಗಿ ಅಂಟುವುದಕ್ಕೆ ಕಾರಣವಿದೆ. ಅದನ್ನು ತಿಳಿದರೆ ತೊಳೆಯುವ ಕ್ರಮವೂ ತಾನಾಗಿ ತಿಳಿಯುತ್ತದೆ.

ಉದ್ದಿನಬೇಳೆಯ ಲೋಳೆ ಎಲ್ಲರ ಅನುಭವಕ್ಕೆ ಬಂದದ್ದೇ. 1970ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ ಅದರ ಮೂಲವನ್ನು ಹುಡುಕಿ ಹೊರಟರು. ಉದ್ದಿನ ಒಂದು ಪ್ರೋಟೀನು ಹಿಟ್ಟಿನಲ್ಲಿ ನೊರೆ ಎಬ್ಬಿಸುತ್ತದೆ, ಅರಾಬಿನೊಗ್ಯಾಲಕ್ಟನ್ ಎಂಬ ಅಂಟಾದ ಶರ್ಕರ ಪದಾರ್ಥ ಆ ನೊರೆ ಒಡೆಯದಂತೆ ಹಿಡಿದಿಡುತ್ತದೆ ಎಂದು ತೋರಿಸಿಕೊಟ್ಟರು. ಇಡ್ಲಿ ಹಗುರಾಗುವುದು, ದೋಸೆಯಲ್ಲಿ ಕಣ್ಣು ಬೀಳುವುದು ಈ ಜೋಡಿಯಿಂದ. ಸ್ಟೀಲಿನ ಸಂದಿಯಲ್ಲಿ ಹಿಟ್ಟನ್ನು ಹಿಡಿದಿಡುವುದೂ ಅದೇ ಲೋಳೆ. ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಮುಖ್ಯ ಕೆಲಸ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು ಎಂಬುದು 1965ರಷ್ಟು ಹಿಂದೆಯೇ ಪ್ರಕಟವಾದ ಸಂಗತಿ. ಸಕ್ಕರೆಯಂಶ ಸಿಕ್ಕರೆ ಅಂಟು ಲೋಳೆಯನ್ನು ತಾನೇ ತಯಾರಿಸುವ ಜೀವಿ ಅದು. ಬ್ಲೇಡಿನಡಿ ಉಳಿದ ಚಿಟಿಕೆಯಷ್ಟು ಹಿಟ್ಟಿನಲ್ಲೂ ಇದು ಜೀವಂತವಾಗಿರುತ್ತದೆ.

ದಾವಣಗೆರೆಯ ಹಿಟ್ಟಿನಲ್ಲಿ ಇನ್ನೂ ಒಂದು ವಸ್ತುವಿದೆ: ಮಂಡಕ್ಕಿ. ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ನೆನೆಸಿದ ಮಂಡಕ್ಕಿ ಸೇರಿಸುವುದು ಈ ಊರಿನ ರೂಢಿ. ಊರಿನ ಭಟ್ಟಿಗಳಲ್ಲಿ ಕುದಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸಿದಾಗ ಅದರ ಪಿಷ್ಟ ಅಲ್ಲಿಯೇ ಬೆಂದಿರುತ್ತದೆ. ಹಸಿ ಅಕ್ಕಿಯ ಪಿಷ್ಟ ತಣ್ಣೀರಿನಲ್ಲಿ ಬರೀ ಪುಡಿಯಾಗಿ ತೇಲಿದರೆ, ಮಂಡಕ್ಕಿಯದು ತಣ್ಣೀರು ಸೋಕಿದೊಡನೆ ಉಬ್ಬಿ ಗಂಜಿಯಾಗುತ್ತದೆ. ಅದು ಒಣಗಿದರೆ ಪೋಸ್ಟರ್ ಅಂಟಿಸುವ ಮೈದಾ ಗೋಂದಿನಂತೆ ಸ್ಟೀಲಿಗೆ ಕಚ್ಚುತ್ತದೆ. ಅವಲಕ್ಕಿ ಅಥವಾ ಅನ್ನ ಹಾಕಿ ರುಬ್ಬುವ ಮನೆಗಳಲ್ಲೂ ಹೀಗೆಯೇ.

ಹಾಗಾದರೆ ಬಿಸಿನೀರು ಹಾಕಿ ಕರಗಿಸಬಹುದಲ್ಲ ಎನ್ನಿಸುತ್ತದೆ. ಬಹಳ ಮನೆಗಳಲ್ಲಿ ತಪ್ಪಾಗುವುದು ಈ ಹಂತದಲ್ಲೇ. ಅಕ್ಕಿಯ ಪಿಷ್ಟ ಸುಮಾರು 65ರಿಂದ 80 ಡಿಗ್ರಿ ಬಿಸಿಯಲ್ಲಿ ಬೆಂದು ಗಂಜಿಯಾಗುತ್ತದೆ. ಉದ್ದಿನ ಪ್ರೋಟೀನೂ ಬಿಸಿಗೆ ಹೆಪ್ಪುಗಟ್ಟುತ್ತದೆ. ಕುದಿನೀರು ಸುರಿದರೆ ಸಂದಿಯಲ್ಲಿ ಹಸಿಯಾಗಿದ್ದ ಹಿಟ್ಟು ಅಲ್ಲೇ ಬೇಯುತ್ತದೆ. ಹಿಟ್ಟಿನ ಜಾರಿಗೆ ಮೊದಲು ಹೋಗಬೇಕಾದದ್ದು ತಣ್ಣೀರು. ಬಿಸಿನೀರು ಏನಿದ್ದರೂ ಕೊಬ್ಬಿಗೆ, ಅದೂ ಉಗುರು ಬೆಚ್ಚಗೆ, ಎರಡನೇ ಸುತ್ತಿನಲ್ಲಿ.

ರುಬ್ಬಿ ಮುಗಿದ ಹತ್ತು ನಿಮಿಷದೊಳಗೆ ಈ ಕೆಲಸ ಆದರೆ ಅರ್ಧ ಶ್ರಮ ಉಳಿಯುತ್ತದೆ. ಜಾರಿಗೆ ಒಂದು ಲೋಟ ತಣ್ಣೀರು ಹಾಕಿ ಎರಡು ಮೂರು ಸೆಕೆಂಡು ತಿರುಗಿಸಿ ಆ ನೀರನ್ನು ಹಿಟ್ಟಿಗೇ ಸೇರಿಸುವ ಹಳೆಯ ಪದ್ಧತಿ ಒಳ್ಳೆಯದು. ಹಿಟ್ಟೂ ಹಾಳಾಗುವುದಿಲ್ಲ, ಜಾರಿನ ಮುಕ್ಕಾಲು ಪಾಲು ಅಂಟು ಹೋಗಿಬಿಡುತ್ತದೆ. ಎರಡನೇ ತಣ್ಣೀರು ಗಿಡಕ್ಕೋ ಕಲಗಚ್ಚಿಗೋ ಹೋಗಲಿ. ಆಮೇಲೆ ಜಾರಿನ ಮೂರನೇ ಒಂದು ಭಾಗದಷ್ಟು ಉಗುರು ಬೆಚ್ಚಗಿನ ನೀರು, ಒಂದು ಹನಿ ಸೋಪು ಹಾಕಿ ಅರ್ಧ ನಿಮಿಷ ತಿರುಗಿಸಬೇಕು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಮುಖ್ಯ ಕೆಲಸ ಇನ್ನೂ ಬಾಕಿಯಿರುತ್ತದೆ.

ಜಾರನ್ನು ಮಿಕ್ಸಿಯಿಂದ ಇಳಿಸಿ ಓರೆ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನ ತುದಿಯನ್ನು ಬ್ಲೇಡಿನಡಿಗೆ ತೂರಿಸಬೇಕು. ಒಂದು ಕೈ ಕಪ್ಲರನ್ನು ನಿಧಾನ ತಿರುಗಿಸುತ್ತಿದ್ದರೆ ಬ್ಲೇಡೂ ತಿರುಗಿ, ಬ್ರಷ್ಷು ಸುತ್ತಲೂ ಉಜ್ಜುತ್ತದೆ. ಬೆರಳು ಹಾಕಬಾರದು. ಬಟ್ಟೆಯೂ ಬೇಡ, ಬ್ಲೇಡಿಗೆ ಸಿಕ್ಕು ಎಳೆದಾಗ ಕೈ ಕೊಯ್ಯುತ್ತದೆ. ಬ್ರಷ್ಷಿನ ಕೂದಲನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದರೆ ಗಡುಸಾಗಿ ಸಂದಿಗೆ ಇಳಿಯುತ್ತದೆ. ಕೊನೆಗೆ ಹಲ್ಲುಕಡ್ಡಿಯನ್ನು ಒಂದು ಸುತ್ತು ಆಡಿಸಿ ನೋಡಬೇಕು. ಕಡ್ಡಿ ಒದ್ದೆಯಾಗಿಯಷ್ಟೇ ಹೊರಬಂದರೆ ಸರಿ, ಹಿಟ್ಟು ಅಂಟಿಕೊಂಡು ಬಂದರೆ ಇನ್ನೊಂದು ಸುತ್ತು ಉಜ್ಜಬೇಕು.

ಒಣಗಿ ಕಲ್ಲಾದ ಹಿಟ್ಟಿಗೆ ನೆನೆಸುವುದೇ ದಾರಿ. ಬ್ಲೇಡು ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ತಣ್ಣೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಹಕ್ಕಳೆ ಮೆದುವಾಗುತ್ತದೆ. ಆಮೇಲೆ ಎರಡು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಕಲಸಿ, ಆ ಸರಿಯನ್ನು ಬ್ಲೇಡಿನ ಬುಡಕ್ಕೆ ಮೆತ್ತಿ ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿದರೆ ಹುಳಿ ವಾಸನೆಯೂ ಹೋಗುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಬ್ಲೇಡಿನ ಬುಡಕ್ಕೆ ಬಿಳಿ ಸುಣ್ಣದ ಪದರವೂ ಕೂತಿರುತ್ತದೆ. ತುಂಗಭದ್ರೆಯ ನೀರು ರಾಜನಹಳ್ಳಿಯಿಂದ ಬರುವ ದಿನಗಳಲ್ಲಿ ಇದು ಕಡಿಮೆ. ಬೇಸಿಗೆಯಲ್ಲಿ ನಲ್ಲಿ ತಡವಾಗಿ ಬೋರಿನ ನೀರೇ ಗತಿಯಾದಾಗ ಹೆಚ್ಚು. ಸುಣ್ಣ ಒರಟಾಗಿರುವುದರಿಂದ ಹಿಟ್ಟು ಅದಕ್ಕೆ ಮತ್ತಷ್ಟು ಕಚ್ಚುತ್ತದೆ. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ನಿಂಬೆಹುಳಿ ಉಪ್ಪು ಅಥವಾ ಎರಡು ನಿಂಬೆಹಣ್ಣಿನ ರಸ ಹಾಕಿ ಹದಿನೈದು ನಿಮಿಷ ಇಟ್ಟರೆ ಅದು ಬಿಡುತ್ತದೆ. ಸೋಡಾ ಮತ್ತು ಹುಳಿಯನ್ನು ಒಟ್ಟಿಗೆ ಸುರಿದರೆ ನೊರೆ ಚೆನ್ನಾಗಿ ಬರುತ್ತದೆ ನಿಜ, ಆದರೆ ಎರಡೂ ಒಂದನ್ನೊಂದು ತಿಂದು ಸಪ್ಪೆಯಾಗುತ್ತವೆ. ಬೇರೆ ಬೇರೆಯಾಗಿ, ಒಂದಾದ ಮೇಲೆ ಒಂದು ಹಾಕಬೇಕು.

ಕಲ್ಲುಪ್ಪು ಅಥವಾ ಹಸಿ ಅಕ್ಕಿ ಹಾಕಿ ನೀರಿಲ್ಲದೆ ತಿರುಗಿಸಿದರೆ ಜಾರ್ ಶುದ್ಧವಾಗುತ್ತದೆ, ಬ್ಲೇಡೂ ಹರಿತವಾಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಅಕ್ಕಿ ಗೋಡೆಯನ್ನು ಉಜ್ಜುತ್ತದೆ, ಬ್ಲೇಡಿನಡಿಗೆ ಹೋಗುವುದಿಲ್ಲ. ಹೋದ ನಾಲ್ಕು ನುಚ್ಚು ಅಲ್ಲೇ ಉಳಿದು ಮುಂದಿನ ಕೊಳೆಗೆ ಬುನಾದಿಯಾಗುತ್ತದೆ. ಉಪ್ಪು ಇನ್ನೂ ಕೆಟ್ಟದ್ದು. ಸಂದಿಯಲ್ಲಿ ತೇವದ ಜೊತೆ ಉಳಿದ ಉಪ್ಪು ಸ್ಟೀಲಿಗೂ ಚುಕ್ಕೆ ಚುಕ್ಕೆ ತುಕ್ಕು ತರಿಸುತ್ತದೆ.

ಇನ್ನು ಮುಚ್ಚಳದ ಉಂಗುರ. ರಬ್ಬರು ಮೇಲ್ನೋಟಕ್ಕೆ ನುಣುಪು, ಆದರೆ ಬಳಸುತ್ತ ಹೋದಂತೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಕಾಯಿಯ ಎಣ್ಣೆ, ಶೇಂಗಾದ ಎಣ್ಣೆಯನ್ನು ಹೀರಿ ಊದಿಕೊಳ್ಳುತ್ತದೆ. ತೇವ, ಆಹಾರ, ಕತ್ತಲು ಮೂರೂ ಅದರ ಹಿಂಬದಿಯಲ್ಲಿ ಸಿಗುವುದರಿಂದ ಬೂಷ್ಟಿಗೆ ಅದು ಸಿದ್ಧ ಮನೆ. ಅಮೆರಿಕದ ಎನ್‌ಎಸ್‌ಎಫ್ ಇಂಟರ್‌ನ್ಯಾಷನಲ್ ಸಂಸ್ಥೆ 2013ರಲ್ಲಿ ಮನೆಗಳ ಅಡುಗೆ ಸಾಮಾನುಗಳನ್ನು ಪರೀಕ್ಷಿಸಿದಾಗ ಬ್ಲೆಂಡರಿನ ಗ್ಯಾಸ್ಕೆಟ್ ಅತಿ ಹೆಚ್ಚು ಕೊಳಕಿದ್ದ ವಸ್ತುಗಳ ಸಾಲಿನಲ್ಲಿತ್ತು. ಯೀಸ್ಟು, ಬೂಷ್ಟಿನ ಜೊತೆ ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಕೂಡ ಅದರಲ್ಲಿ ಸಿಕ್ಕವು. ಸ್ಲೊವೇನಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಯೋಚಿಸುವಂತೆ ಮಾಡುತ್ತದೆ. ಅವರು ನೋಡಿದ್ದು ಹಲವು ದೇಶಗಳ 189 ಪಾತ್ರೆ ತೊಳೆಯುವ ಯಂತ್ರಗಳ ಬಾಗಿಲಿನ ರಬ್ಬರನ್ನು. ನಿತ್ಯ ಬಿಸಿನೀರು, ಡಿಟರ್ಜೆಂಟು ಬಡಿಯುವ ಆ ರಬ್ಬರುಗಳಲ್ಲಿ 62 ಶೇಕಡಾ ಬೂಷ್ಟು ಹಿಡಿದಿದ್ದವು. ಕಪ್ಪು ಯೀಸ್ಟು ಎಂದು ಕರೆಯುವ, ಬಿಸಿಗೂ ಸೋಪಿಗೂ ಜಗ್ಗದ ಜಾತಿಯೇ ಅವುಗಳಲ್ಲಿ ಹೆಚ್ಚು. ಜಾರಿನ ಮುಚ್ಚಳಕ್ಕೂ ಈ ಯಂತ್ರದ ಬಾಗಿಲಿಗೂ ವ್ಯತ್ಯಾಸವಿದೆ. ಆದರೆ ಉಂಗುರವನ್ನು ಅದರ ಜಾಗದಲ್ಲೇ ಬಿಟ್ಟು ಎಷ್ಟು ಸೋಪು ಸುರಿದರೂ ಹಿಂಬದಿ ಶುದ್ಧವಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಲೆ ಯಾವುದು, ಬೂಷ್ಟು ಯಾವುದು ಎಂದು ಗುರುತಿಸುವುದು ಕಷ್ಟವಲ್ಲ. ಅರಿಸಿನ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ರಬ್ಬರಿಗೆ ಒಂದೇ ಸಮನೆ ಹರಡಿರುತ್ತದೆ. ಬೆರಳಿಗೆ ಜಾರುವುದಿಲ್ಲ, ವಾಸನೆಯಿಲ್ಲ. ಅದರಿಂದ ತೊಂದರೆಯೂ ಇಲ್ಲ. ಬೂಷ್ಟು ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಮುಟ್ಟಿದರೆ ಲೋಳೆ, ಮೂಸಿದರೆ ಮಣ್ಣಿನ ಮುಗ್ಗಲು ವಾಸನೆ, ಉಜ್ಜಿ ತೆಗೆದರೆ ವಾರದೊಳಗೆ ಅದೇ ಜಾಗದಲ್ಲಿ ಮತ್ತೆ ಹಾಜರು. ತೆಳು ಗುಲಾಬಿ ಬಣ್ಣದ ಪೊರೆಯೂ ಸೂಕ್ಷ್ಮಜೀವಿಗಳದ್ದೇ. ಯಾವುದೂ ಕಣ್ಣಿಗೆ ಬೀಳದಿದ್ದರೆ ಒಣಗಿದ ಜಾರಿಗೆ ಮುಚ್ಚಳ ಹಾಕಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ತೆರೆದ ಕೂಡಲೇ ಮೂಸಿ ನೋಡಬಹುದು. ಶುದ್ಧ ಜಾರಿಗೆ ವಾಸನೆಯೇ ಇರುವುದಿಲ್ಲ, ಇಲ್ಲವೇ ಬೆಳ್ಳುಳ್ಳಿ, ಮಸಾಲೆಯ ನೆನಪಿರುತ್ತದೆ. ಹುಳಿ ಅಥವಾ ಮುಗ್ಗಲು ಬಂದರೆ ಎಲ್ಲೋ ಹಿಟ್ಟಿದೆ.

ಉಂಗುರ ತೆಗೆಯಲು ಚಾಕು ಬಳಸಬಾರದು. ಒಂದು ಸೀಳು ಬಿದ್ದರೆ ಅದೇ ಬೂಷ್ಟಿನ ಹೊಸ ಬೇರು. ಚಮಚದ ಹಿಡಿಯ ಮೊಂಡು ತುದಿಯಿಂದ ಒಂದು ಕಡೆ ಎತ್ತಿ ಬೆರಳಿನಿಂದ ಎಳೆದರೆ ಸುತ್ತಲೂ ಬರುತ್ತದೆ. ಉಂಗುರದ ಎರಡೂ ಬದಿ, ಮುಚ್ಚಳದ ತೋಡು ಎರಡನ್ನೂ ಬ್ರಷ್ಷಿನಿಂದ ಸೋಪು ಹಾಕಿ ಉಜ್ಜಬೇಕು. ಚುಕ್ಕೆ ಎದ್ದಿದ್ದರೆ ಮಾತ್ರ ಔಷಧ: ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ, ಅಂದರೆ 5 ಮಿಲಿ ಲೀಟರ್, ವಾಸನೆ ಬಣ್ಣ ಸೇರಿಸದ ಬಿಳಿ ಬ್ಲೀಚ್ ದ್ರಾವಣ. ಅಂಗಡಿಯಲ್ಲಿ ಸಿಗುವುದರಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಸುಮಾರು 4 ಶೇಕಡಾ ಇದ್ದರೆ ಈ ಅಳತೆ ಸಾಕು. ಸೋಪಿನಲ್ಲಿ ತೊಳೆದ ಉಂಗುರವನ್ನು ಅದರಲ್ಲಿ ಹತ್ತು ನಿಮಿಷ ಮುಳುಗಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಒಣಗಿಸಬೇಕು. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿಯುತ್ತದೆ, ಆದ್ದರಿಂದ ಸೋಪು ಮೊದಲು. ಸ್ಟೀಲಿನ ಜಾರಿಗೆ, ಬ್ಲೇಡಿಗೆ ಬ್ಲೀಚ್ ಬೇಡ. ಕ್ಲೋರಿನ್ ಸ್ಟೀಲನ್ನು ಕೊರೆಯುತ್ತದೆ. ಬ್ಲೀಚಿನ ಜೊತೆ ನಿಂಬೆಹುಳಿ, ವಿನೆಗರ್ ಏನನ್ನೂ ಎಂದಿಗೂ ಬೆರೆಸಬಾರದು. ಬೆರೆತರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಕಿಟಕಿ ತೆರೆದಿಟ್ಟೇ ಈ ಕೆಲಸ ಮಾಡಬೇಕು.

ಬ್ಲೀಚಿಗೂ ಮಿತಿಯಿದೆ. ಬೂಷ್ಟಿನ ಎಳೆಗಳು ಬಿರುಕಿನೊಳಗೆ ಇಳಿದಿದ್ದರೆ ಮೇಲಿನದು ಸತ್ತರೂ ಒಳಗಿನದು ಉಳಿಯುತ್ತದೆ. ತೊಳೆದ ಮೇಲೂ ವಾಸನೆ ಉಳಿದರೆ, ಎಳೆದಾಗ ಸೀಳು ಬಾಯಿ ತೆರೆದರೆ, ಅಥವಾ ಉಂಗುರ ಊದಿ ತೋಡಿನಲ್ಲಿ ಕೂರದೇ ಅಲೆಯಲೆಯಾದರೆ ಬದಲಾಯಿಸುವುದೇ ಸರಿ. ಸಾಮಾನ್ಯವಾಗಿ ಅದರ ಬೆಲೆ ಒಂದು ಬೆಣ್ಣೆ ದೋಸೆಯ ಬೆಲೆಯನ್ನು ಮೀರುವುದಿಲ್ಲ. ಅಂಗಡಿಗೆ ಹಳೆಯ ಉಂಗುರವನ್ನೂ ಮುಚ್ಚಳವನ್ನೂ ಒಯ್ಯಬೇಕು. ಕಂಪನಿಯ ಹೆಸರು ಒಂದೇ ಆದರೂ ಮಾದರಿಗೆ ತಕ್ಕಂತೆ ಸುತ್ತಳತೆ ಬದಲಾಗುತ್ತದೆ, ಒಂದು ಎಳೆ ಸಡಿಲವಾದರೂ ಸೋರುತ್ತದೆ.

ಬಿ ಬ್ಲಾಕ್‌ನ ಆ ಮನೆಯಲ್ಲಿ ಉಂಗುರ ಬದಲಾಯಿತು, ಬ್ಲೇಡಿನ ಬುಡ ಶುದ್ಧವಾಯಿತು, ಚಟ್ನಿ ಮಧ್ಯಾಹ್ನದವರೆಗೆ ಬಾಳತೊಡಗಿತು. ಆದರೆ ಜಾರಿನ ತಳದಲ್ಲಿದ್ದ ಹಕ್ಕಳೆ ಎಲ್ಲಿಂದ ಬಂತು ಎಂಬುದು ಉಳಿದಿತ್ತು. ತಳಕ್ಕೆ ಹಿಟ್ಟು ಎರಡು ದಾರಿಯಿಂದ ಬರುತ್ತದೆ. ತುಂಬಿ ತುಳುಕಿದ ಹಿಟ್ಟು ಹೊರಗೋಡೆಯ ಮೇಲೆ ಇಳಿದು ಬರುವುದು ಒಂದು. ಬುಷ್ ಸವೆದು, ದಂಡದ ಪಕ್ಕದಿಂದ ಒಳಗಿನದೇ ಸೋರುವುದು ಇನ್ನೊಂದು. ಯಾವುದು ಎಂದು ತಿಳಿಯಲು ಜಾರಿನ ತಳ ಒರೆಸಿ ಒಣಗಿಸಿ, ಅರ್ಧ ನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ಒಂದು ಗಂಟೆ ಇಡಬೇಕು. ಪತ್ರಿಕೆಯ ನಡುವೆ ಒದ್ದೆ ಮೂಡಿದರೆ ಬುಷ್ ಸೋರುತ್ತಿದೆ. ಬ್ಲೇಡನ್ನು ಹುಷಾರಾಗಿ ಹಿಡಿದು ಅಲ್ಲಾಡಿಸಿಯೂ ನೋಡಬಹುದು. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡುವುದು ಸಹಜ. ಎಡಕ್ಕೆ ಬಲಕ್ಕೆ ವಾಲಿದರೆ ಬುಷ್ ಸವೆದಿದೆ. ರುಬ್ಬಿದ ಬಿಳಿ ಹಿಟ್ಟಿನಲ್ಲಿ ಬೂದು ಗೆರೆ, ಬುಡದಲ್ಲಿ ಕರಿ ಜಿಡ್ಡು ಕಂಡರೆ ಅದು ಸವೆದ ಲೋಹ ಮತ್ತು ಎಣ್ಣೆ. ಆ ಜಾರನ್ನು ಅಡುಗೆಗೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಇವರ ಪತ್ರಿಕೆಯ ಮೇಲೆ ರೂಪಾಯಿ ಅಗಲದ ಒದ್ದೆ ಮೂಡಿತು. ಮಿಕ್ಸಿ ರಿಪೇರಿಯವರು ಜಾರನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾರೆ, ರಾತ್ರಿ ಪೂರ್ತಿ ಬಿಸಿ ಸೋಪಿನ ನೀರಾಗ ಮುಳುಗಿಸಿ ಇಡ್ತೀರೇನ್ರಿ? ಬುಷ್ ಒಳಗಿನ ಎಣ್ಣಿ ಎಲ್ಲಾ ಹೋಗಿಬಿಡ್ತೈತ್ರಿ.”

ಅವರ ಮಾತಿನಲ್ಲಿ ಹುರುಳಿದೆ. ಅನೇಕ ಜಾರುಗಳ ಬುಷ್ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಅದರ ಮೈಯೆಲ್ಲ ಸೂಕ್ಷ್ಮ ರಂಧ್ರ, ರಂಧ್ರದ ತುಂಬ ಎಣ್ಣೆ. ದಂಡ ತಿರುಗಿ ಬಿಸಿಯಾದಾಗ ಎಣ್ಣೆ ಹೊರಬಂದು ಸವಕಳಿ ತಪ್ಪಿಸುತ್ತದೆ, ತಣ್ಣಗಾದಾಗ ಒಳಗೆ ಹೋಗುತ್ತದೆ. ಬಿಸಿ ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ಬಿದ್ದರೆ ಆ ಎಣ್ಣೆ ಕರಗಿ ಹೋಗುತ್ತದೆ. ಒಣಗಿದ ಬುಷ್ ಬೇಗ ಸವೆಯುತ್ತದೆ, ಸವೆದ ಸಂದಿಗೆ ಹಿಟ್ಟು ಇಳಿಯುತ್ತದೆ, ಇಳಿದ ಹಿಟ್ಟು ಮರಳಿನಂತೆ ಉಜ್ಜಿ ಸಂದಿಯನ್ನು ಇನ್ನೂ ಅಗಲ ಮಾಡುತ್ತದೆ. ಶುಚಿಯ ಆಸೆಯಿಂದ ಮಾಡಿದ ನೆನೆಸುವಿಕೆಯೇ ಕೊಳೆಗೆ ದಾರಿಯಾಗುವುದು ಹೀಗೆ. ಜಾರಿನ ಒಳಗೆ ನೀರು ತುಂಬಿ ಅರ್ಧ ಗಂಟೆ ಇಡಬಹುದು, ಇಡೀ ಜಾರನ್ನು ಬಕೆಟ್ಟಿನಲ್ಲಿ ಮುಳುಗಿಸಬಾರದು. ತಳದ ಬಟ್ಟಲನ್ನು ಒದ್ದೆ ಬ್ರಷ್ಷಿನಿಂದ ಉಜ್ಜಿ, ಕಪ್ಲರಿನ ಹಲ್ಲುಗಳ ನಡುವೆ ಆಡಿಸಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಈ ತಳದಿಂದ ಸೋರಿದ್ದು ನೇರ ಮೋಟಾರಿನ ಮೇಲೆ ಬೀಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಬ್ಲೇಡನ್ನೇ ಬಿಚ್ಚಿ ತೊಳೆಯಬಹುದೇ ಎಂದು ಕೆಲವರು ಕೇಳುತ್ತಾರೆ. ತಿರುಪಿನಿಂದ ಬಿಚ್ಚಿಕೊಳ್ಳುವ ಜಾರುಗಳಲ್ಲಿ ಆಗುತ್ತದೆ. ಬಹುಪಾಲು ಜಾರುಗಳಲ್ಲಿ ಅದಕ್ಕೆ ಕಪ್ಲರ್ ಬಿಚ್ಚಬೇಕು. ಯಂತ್ರ ಓಡುವಾಗ ಕಪ್ಲರ್ ತಾನಾಗಿ ಬಿಗಿಯಾಗುವಂತೆ ತಿರುಪು ಕೊಟ್ಟಿರುತ್ತಾರೆ. ಹಾಗಾಗಿ ಬಿಚ್ಚಬೇಕಾದದ್ದು ಅದು ಓಡುವ ದಿಕ್ಕಿಗೆ ವಿರುದ್ಧವಾಗಿ. ಇದು ಗೊತ್ತಿಲ್ಲದೆ ಒತ್ತಿದವರು ಪ್ಲಾಸ್ಟಿಕ್ಕಿನ ಹಲ್ಲು ಮುರಿದುಕೊಳ್ಳುತ್ತಾರೆ. ಮತ್ತೆ ಜೋಡಿಸುವಾಗ ವಾಷರುಗಳ ಕ್ರಮ ತಪ್ಪಿದರೆ ಸೋರಿಕೆ ಖಚಿತ. ಮನೆಯಲ್ಲಿ ಬಿಚ್ಚುವುದಕ್ಕಿಂತ ವರ್ಷಕ್ಕೊಮ್ಮೆ ರಿಪೇರಿಯವರ ಕೈಗೆ ಕೊಟ್ಟು ಬುಷ್, ವಾಷರ್ ನೋಡಿಸುವುದು ವಾಸಿ.

ಚಟ್ನಿ ಪುಡಿಯ ಸಣ್ಣ ಜಾರಿನದು ಬೇರೆ ಸಮಸ್ಯೆ. ಶೇಂಗಾ, ಗುರೆಳ್ಳು, ಅಗಸಿ ಮೂರೂ ಎಣ್ಣೆಕಾಳು. ಪುಡಿ ಒಣಗಿದ್ದರೂ ಅದರ ಎಣ್ಣೆ ಬ್ಲೇಡಿನಡಿ ಅಂಟಿ, ಕಮಟು ವಾಸನೆ ಹಿಡಿಯುತ್ತದೆ. ಅಗಸಿಗೆ ನೀರು ತಾಗಿದರೆ ಲೋಳೆಯೂ ಏಳುತ್ತದೆ. ಇದಕ್ಕೆ ಮೊದಲು ಒಣ ಬ್ರಷ್ಷಿನಿಂದ ಪುಡಿ ಕೊಡವಿ, ಒಂದು ಚಮಚ ಕಡಲೆಹಿಟ್ಟು ಹಾಕಿ ತಿರುಗಿಸಿದರೆ ಎಣ್ಣೆಯನ್ನು ಹೀರುತ್ತದೆ. ಆಮೇಲೆ ಬೆಚ್ಚಗಿನ ಸೋಪಿನ ನೀರು. ದೋಸೆ ಹಿಟ್ಟಿಲ್ಲದ ಈ ಜಾರಿಗೆ ತಣ್ಣೀರಿನ ನಿಯಮ ಬೇಕಿಲ್ಲ.

ತೊಳೆಯುವುದರಷ್ಟೇ ಕೆಲಸ ಒಣಗಿಸುವುದರಲ್ಲೂ ಇದೆ, ಮುಖ್ಯವಾಗಿ ಜುಲೈ, ಆಗಸ್ಟಿನ ತಂಡಿ ದಿನಗಳಲ್ಲಿ. ಬುಟ್ಟಿಯಲ್ಲಿ ಜಾರನ್ನು ಬೋರಲು ಹಾಕಿದಾಗ ತಳದ ಬಟ್ಟಲು ಮೇಲ್ಮುಖವಾಗಿ, ಅದರಲ್ಲಿ ಉಳಿದ ನೀರು ಕಪ್ಲರಿನ ಸುತ್ತ ನಿಂತು ದಂಡದ ಗುಂಟ ಇಳಿಯುತ್ತದೆ. ನೆಟ್ಟಗೆ ಇಟ್ಟರೆ ನೀರು ಬ್ಲೇಡಿನಡಿ ನಿಲ್ಲುತ್ತದೆ. ಹಾಗಾಗಿ ಒಮ್ಮೆ ನೀರು ಕೊಡವಿ, ತಳ ಒರೆಸಿ, ಜಾರನ್ನು ಅಡ್ಡ ಮಲಗಿಸುವುದು ಸರಿಯಾದ ಕ್ರಮ. ಬಾಯಿ ತುಸು ಕೆಳಗೆ ವಾಲಿರಲಿ, ಗಾಳಿ ಆಡುವ ಕಡೆ ಇರಲಿ. ಉಂಗುರವನ್ನು ಮುಚ್ಚಳದಿಂದ ಬೇರೆ ಮಾಡಿ ಮೊಳೆಗೆ ನೇತುಹಾಕಬಹುದು. ಪೂರ್ತಿ ಒಣಗುವವರೆಗೆ ಮುಚ್ಚಳ ಹಾಕುವಂತಿಲ್ಲ. ಜಾರಿನ ಮೇಲೆ ಮುಚ್ಚಳ ಮುಚ್ಚಿ ಕಪಾಟಿನಲ್ಲಿ ಇಡುವ ಮನೆಗಳಲ್ಲೇ ಬೂಷ್ಟು ಬೇಗ ಬರುವುದು. ಉಂಗುರವನ್ನು ದಿನವಿಡೀ ಕಡು ಬಿಸಿಲಲ್ಲಿ ಬಿಟ್ಟರೆ ರಬ್ಬರು ಬಿರುಸಾಗಿ ಬಿರಿಯುತ್ತದೆ, ನೆರಳಿನ ಗಾಳಿಯೇ ಸಾಕು.

ಬಿ ಬ್ಲಾಕ್‌ನ ಮನೆಯ ಜಾರಿಗೆ ಹೊಸ ಬುಷ್ ಕೂತಿತು. ಪತ್ರಿಕೆಯ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಕಾಗದ ಒಣಗಿಯೇ ಇತ್ತು. ಅತ್ತೆ ಈಗ ಹಿಟ್ಟಿಗೊಂದು, ಚಟ್ನಿಗೊಂದು ಎಂದು ಜಾರು ಬೇರೆ ಮಾಡಿಸಿದ್ದಾರೆ; ಚಟ್ನಿಯ ಜಾರಿನ ಮುಚ್ಚಳದ ಉಂಗುರವನ್ನು ಪ್ರತಿ ಸಲವೂ, ಹಿಟ್ಟಿನ ಜಾರಿನದನ್ನು ರುಬ್ಬಿದ ದಿನ ತೆಗೆದು ತೊಳೆಯುತ್ತಾರೆ. ಸಿಂಕಿನ ಪಕ್ಕದ ಲೋಟದಲ್ಲಿ ಕೂದಲು ಕತ್ತರಿಸಿದ ಎರಡು ಹಲ್ಲುಜ್ಜುವ ಬ್ರಷ್ಷುಗಳಿವೆ: ಜಾರಿನ ಒಳಗಿನದಕ್ಕೆ ಒಂದು, ತಳದ ಬಟ್ಟಲಿಗೆ ಇನ್ನೊಂದು. ತಳದ ಜಿಡ್ಡು ಒಳಗೆ ಹೋಗಬಾರದೆಂದು ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದಾರೆ.